19 ಉಲ್ಲೇಖ, ಒಂದೇ ಬಾಯಿ: ಮದ್ದಳೆಗಾರರೊಬ್ಬರ ವಿಕಿಪೀಡಿಯ ಕರಡಿನ ಪ್ರಕರಣ

ಶಿರಸಿ ಸೀಮೆಯ ಹಿರಿಯ ಯಕ್ಷಗಾನ ಮದ್ದಳೆಗಾರರೊಬ್ಬರ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಅಂತ ಬರೆದ ಕರಡೊಂದು ಪರಿಶೀಲನೆಗೆ ಬಂದಿತ್ತು. ಕಲಾವಿದರು ಈಗಲೂ ನಮ್ಮ ನಡುವೆ ಇದ್ದಾರೆ. ಹಾಗಾಗಿ ಅವರ ಹೆಸರು, ಊರು ಹೇಳುತ್ತಿಲ್ಲ. ಇಸವಿ, ಅಂಕಿಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಕರಡಿನ ವಾಕ್ಯಗಳನ್ನು ಕೊಡುವಾಗಲೂ ಧಾಟಿ ಮಾತ್ರ ಉಳಿಸಿಕೊಂಡಿದ್ದೇನೆ.

ಬರೆದವನು ಇಪ್ಪತ್ತೈದರ ಆಸುಪಾಸಿನ ಹುಡುಗ. ತನ್ನ ಪ್ರಯೋಗಪುಟದಲ್ಲಿ ಲೇಖನ ಬೆಳೆಸಿ, ಅದನ್ನು ವಿಕಿಪೀಡಿಯದ ಲೇಖನವಾಗಿ ಸ್ಥಳಾಂತರಿಸುವ ಮುನ್ನ ಯಾರಾದರೂ ಒಮ್ಮೆ ನೋಡಿ ಅಂತ ಕೇಳಿದ್ದ. ಸುಮಾರು 1,400 ಪದಗಳ ಬರಹ, ಕೆಳಗೆ 19 ಉಲ್ಲೇಖ. ಯಕ್ಷಗಾನ ಕಲಾವಿದರ ಎಷ್ಟೋ ಪುಟಗಳಲ್ಲಿ ಒಂದು ಉಲ್ಲೇಖವೂ ಇರುವುದಿಲ್ಲ. ಅದನ್ನು ನೋಡಿ ನೋಡಿ ರೂಢಿಯಾದವರಿಗೆ 19 ಅಂದರೆ ಹಬ್ಬ.

ಆದರೆ ಮೊದಲ ಸಾಲೇ ಹೀಗಿತ್ತು: “ಮದ್ದಳೆಯ ಮಾಂತ್ರಿಕರೆಂದೇ ನಾಡಿನಾದ್ಯಂತ ಮನೆಮಾತಾಗಿರುವ ಶ್ರೀಯುತರು ತಮ್ಮ ಬೆರಳುಗಳ ಇಂದ್ರಜಾಲದಿಂದ ಲಕ್ಷಾಂತರ ಕಲಾರಸಿಕರ ಮನಸೂರೆಗೊಂಡ ಅಪ್ರತಿಮ ಕಲಾವಿದರು.”

ನನಗಿಂತ ಮೊದಲು ಇನ್ನೊಬ್ಬ ಸಂಪಾದಕರು ಇದನ್ನು ನೋಡಿ ಚರ್ಚೆಪುಟದಲ್ಲಿ ಒಂದೇ ಸಾಲು ಬರೆದಿದ್ದರು: ಹೊಗಳಿಕೆಯ ಪದಗಳನ್ನು ತೆಗೆಯಿರಿ. ಹುಡುಗ ಪಾಪ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದ. ಅಪ್ರತಿಮ ಹೋಯಿತು, ಇಂದ್ರಜಾಲ ಹೋಯಿತು, ಲಕ್ಷಾಂತರ ಹೋಯಿತು. ನನ್ನ ಕೈಗೆ ಬಂದಾಗ ಅದೇ ಸಾಲು ಹೀಗಾಗಿತ್ತು: “ಇವರು ಪ್ರಸಿದ್ಧ ಮದ್ದಳೆಗಾರರು. ಇವರನ್ನು ಮದ್ದಳೆಯ ಮಾಂತ್ರಿಕ ಎಂದು ಕರೆಯಲಾಗುತ್ತದೆ.”

ನೋಡಲು ಸಪ್ಪೆಯಾಗಿದೆ. ಸಪ್ಪೆ ಆದ ಕೂಡಲೇ ತಟಸ್ಥ ಆಗುವುದಿಲ್ಲ. ಮಾಂತ್ರಿಕ ಎಂದು ಕರೆಯುವವರು ಯಾರು? ಮೊದಲಿನ ವಾಕ್ಯದಲ್ಲಾದರೂ ಯಾರೋ ಅಭಿಮಾನಿ ಬರೆದಿದ್ದಾರೆ ಅಂತ ಓದುಗನಿಗೆ ಗೊತ್ತಾಗುತ್ತಿತ್ತು. ಈಗ ಅದೇ ಹೊಗಳಿಕೆ ವಿಶ್ವಕೋಶದ ದನಿಯಲ್ಲಿ ಬಂತು. “ಎನ್ನಲಾಗುತ್ತದೆ”, “ಪರಿಗಣಿಸಲಾಗಿದೆ”, “ಹೆಸರಾಗಿದ್ದಾರೆ” ಅಂತ ಮುಗಿಯುವ ವಾಕ್ಯಗಳನ್ನು ನಾನು ವಿಶೇಷಣಗಳಿಗಿಂತ ಜಾಸ್ತಿ ಅನುಮಾನದಿಂದ ನೋಡುತ್ತೇನೆ. ಈ ಕರಡಿನಲ್ಲಿ ಅಂಥವು ಒಂಬತ್ತು ಇದ್ದವು.

ಬಹುವಚನದ ಕ್ರಿಯಾಪದದ ಬಗ್ಗೆಯೂ ಹುಡುಗ ಕೇಳಿದ್ದ. “ಹುಟ್ಟಿದರು” ಅನ್ನುವುದನ್ನು “ಹುಟ್ಟಿದ” ಮಾಡಬೇಕಾ ಅಂತ. ಬೇಡ. ಹಿರಿಯರ ಬಗ್ಗೆ ಕನ್ನಡದಲ್ಲಿ ಹಾಗೇ ಬರೆಯುವುದು, ಅದರಲ್ಲಿ ಪ್ರಚಾರ ಇಲ್ಲ. ಶ್ರೀಯುತ, ಪೂಜ್ಯ, ಕಲಾತಪಸ್ವಿ ಇವಿಷ್ಟು ಹೋದರೆ ಸಾಕು.

ಉಲ್ಲೇಖಗಳನ್ನು ಬಿಡಿಸಿದ್ದು

ವಾಕ್ಯ ತಿದ್ದುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, 19 ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ಓದಿದೆ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಬರೆದವರು ಯಾರು? ಕಲಾವಿದರಿಗೂ ಅವರಿಗೂ ಏನು ಸಂಬಂಧ? ಕಲಾವಿದರ ಬಗ್ಗೆ ಎಷ್ಟು ಬರೆದಿದ್ದಾರೆ?

ಏಳು ಪತ್ರಿಕಾ ವರದಿಗಳು. ಏಳೂ 2014ರಲ್ಲಿ ನಡೆದ ಒಂದೇ ಅಭಿನಂದನಾ ಸಮಾರಂಭದವು. ಐದು ಕಡೆ ಅಭಿನಂದನಾ ಗ್ರಂಥ. ಎರಡು ಆಮಂತ್ರಣ ಪತ್ರಿಕೆ, ಎರಡು ಯೂಟ್ಯೂಬ್ ವಿಡಿಯೊ, ಒಂದು ಫೇಸ್‌ಬುಕ್ ಪೋಸ್ಟ್. ಭಾನುವಾರದ ಪುರವಣಿಯ ಒಂದು ಪರಿಚಯ ಲೇಖನ. ಕೊನೆಗೆ, ಬಡಗುತಿಟ್ಟಿನ ಹಿಮ್ಮೇಳದ ಬಗೆಗಿನ ಒಂದು ಪುಸ್ತಕ. ಅದರಲ್ಲಿ ಇವರ ಬಗ್ಗೆ ಎರಡು ಪ್ಯಾರಾ.

ಪತ್ರಿಕಾ ವರದಿಗಳನ್ನು ಪಕ್ಕಪಕ್ಕ ಇಟ್ಟಾಗ ವಿಷಯ ತಿಳಿಯಿತು. ಮೂರು ಪತ್ರಿಕೆಗಳಲ್ಲಿ ಒಂದೇ ವಾಕ್ಯ, ಅಕ್ಷರ ಬಿಡದಂತೆ. ಒಬ್ಬ ಗುರುವಿನ ಹೆಸರಿನಲ್ಲಿ ಕಾಗುಣಿತದ ತಪ್ಪಿತ್ತು. ಆ ತಪ್ಪೂ ಮೂರರಲ್ಲಿ ಒಂದೇ. ವರದಿಗಾರರ ಹೆಸರಿಲ್ಲ. ಕೊನೆಯಲ್ಲಿ ಇಂಥವರು ಪ್ರಾರ್ಥಿಸಿದರು, ಇಂಥವರು ಸ್ವಾಗತಿಸಿದರು, ಇಂಥವರು ವಂದಿಸಿದರು ಅಂತ ಪೂರ್ತಿ ಪಟ್ಟಿ. ಇಷ್ಟು ಕಂಡರೆ ಸಾಕು, ಅದು ಸಂಘಟಕರು ಕಳಿಸಿದ ಪತ್ರಿಕಾ ಪ್ರಕಟಣೆ. ಪತ್ರಿಕೆಯ ಮೇಲೆ ಅಚ್ಚಾದ ಮಾತ್ರಕ್ಕೆ ಅದು ಪತ್ರಿಕೆಯ ಮಾತಾಗುವುದಿಲ್ಲ. ಸಮಾರಂಭ ಇಂಥ ದಿನ ನಡೆಯಿತು ಅನ್ನುವುದಕ್ಕೆ ಅದು ಸಾಕ್ಷಿ ಆಗಬಹುದು. ಕಲಾವಿದರು ಎಂಥವರು ಅನ್ನುವುದಕ್ಕೆ ಅಲ್ಲ.

ಪುರವಣಿಯ ಲೇಖನಕ್ಕೆ ಬರೆದವರ ಹೆಸರಿತ್ತು, ಒಳ್ಳೆಯ ಉದ್ದವೂ ಇತ್ತು. ಅದು ಸ್ವತಂತ್ರ ಮೂಲ ಅಂತ ಹುಡುಗ ನಂಬಿದ್ದ. ಅಭಿನಂದನಾ ಗ್ರಂಥದ ಒಳಪುಟ ತೆಗೆದು ನೋಡಿದರೆ ಸಂಪಾದಕ ಮಂಡಳಿಯಲ್ಲಿ ಅದೇ ಹೆಸರು. ಲೇಖಕರು ಕಲಾವಿದರ ಶಿಷ್ಯರೇ.

ಹುಡುಗನ ಬಗ್ಗೆಯೂ ನನಗೊಂದು ಅನುಮಾನ ಇತ್ತು. ಕರಡಿನ ಬಾಲ್ಯದ ಭಾಗದಲ್ಲಿ ಯಾವ ಉಲ್ಲೇಖದಲ್ಲೂ ಇಲ್ಲದ ವಿವರಗಳಿದ್ದವು. ಯಾವ ಮರದ ಕೆಳಗೆ ಕೂತು ಅಭ್ಯಾಸ ಮಾಡುತ್ತಿದ್ದರು, ಮೊದಲ ಮದ್ದಳೆಗೆ ದುಡ್ಡು ಕೊಟ್ಟವರು ಯಾರು, ಇಂಥವು. ಹಾಕಿದ್ದ ಫೋಟೊ ಮನೆಯ ಜಗಲಿಯಲ್ಲಿ ತೆಗೆದದ್ದು, ಕೆಳಗೆ “ಸ್ವಂತ ಕೆಲಸ” ಅಂತ ಇತ್ತು. ಸುಮ್ನೆ ನೇರವಾಗಿ ಕೇಳಿದೆ. ಅವನೂ ನೇರವಾಗಿ ಹೇಳಿದ: ಕಲಾವಿದರು ಅವನ ಸೋದರಮಾವ. ಸಂಬಂಧಿಕರು ಬರೆಯಬಾರದು ಅಂತ ಏನಿಲ್ಲ. ಆದರೆ ಆ ಸಂಬಂಧವನ್ನು ಸದಸ್ಯ ಪುಟದಲ್ಲಿ ಹೇಳಬೇಕು. ಲೇಖನ ಪ್ರಕಟವಾದ ಮೇಲೆ ತಾನೇ ತಿದ್ದುವ ಬದಲು ಚರ್ಚೆಪುಟದಲ್ಲಿ ಸಲಹೆ ಕೊಡಬೇಕು. ಅವನು ಅವತ್ತೇ ಸದಸ್ಯ ಪುಟದಲ್ಲಿ ಬರೆದ.

ಗೋಡೆಯ ಮೇಲಿನ ಸನ್ಮಾನ ಪತ್ರ

ಅಭಿನಂದನಾ ಗ್ರಂಥದ ಪುಟ ಸಂಖ್ಯೆಗಳನ್ನು ಅವನು ಕೊಟ್ಟಿರಲಿಲ್ಲ. ಗ್ರಂಥ ಅಂಗಡಿಯಲ್ಲಿ ಸಿಗುವಂಥದ್ದೂ ಅಲ್ಲ. ಶಿರಸಿಗೆ ಹೋಗುವ ಕೆಲಸ ಇತ್ತು, ಅವರ ಮನೆಗೇ ಹೋದೆ. ಕಲಾವಿದರು ಒಳಗೆ ಮಲಗಿದ್ದರು. ಜಗಲಿಯಲ್ಲಿ ಕೂತು ಗ್ರಂಥ ತಿರುವುತ್ತಿದ್ದಾಗ ಗೋಡೆಯ ಮೇಲೆ ಕಣ್ಣು ಹೋಯಿತು. ಸಾಲಾಗಿ ಕಟ್ಟು ಹಾಕಿಸಿದ ಸನ್ಮಾನ ಪತ್ರಗಳು. ನಡುವಿನದು 2014ರ ಸಮಾರಂಭದ್ದು, ಚಿನ್ನದ ಬಣ್ಣದ ಅಂಚು. ಮೊದಲ ಸಾಲು: ಮದ್ದಳೆಯ ಮಾಂತ್ರಿಕರೆಂದೇ ನಾಡಿನಾದ್ಯಂತ ಮನೆಮಾತಾಗಿರುವ…

ಅಲ್ಲಿಗೆ ಇಡೀ ದಾರಿ ಸ್ಪಷ್ಟವಾಯಿತು. ಸಮಿತಿಯವರು ವೇದಿಕೆಯಲ್ಲಿ ಓದಲಿಕ್ಕೆ ಸನ್ಮಾನ ಪತ್ರ ಬರೆದರು. ಅದನ್ನೇ ಪತ್ರಿಕಾ ಪ್ರಕಟಣೆಗೆ ಹಾಕಿದರು. ಗ್ರಂಥದ ಮುನ್ನುಡಿಯಲ್ಲೂ ಅದೇ ಬಂತು. ಪುರವಣಿ ಲೇಖನ ಮುನ್ನುಡಿಯಿಂದ ತೆಗೆದುಕೊಂಡಿತು, ಫೇಸ್‌ಬುಕ್ ಪೋಸ್ಟ್ ಲೇಖನದಿಂದ. ಹುಡುಗ ಇವೆಲ್ಲವನ್ನೂ ಬೇರೆ ಬೇರೆ ಉಲ್ಲೇಖ ಅಂತ ಎಣಿಸಿದ. ಹೊಗಳುವುದು ಸನ್ಮಾನ ಪತ್ರದ ಕೆಲಸ, ಅದು ತನ್ನ ಕೆಲಸ ಸರಿಯಾಗೇ ಮಾಡಿದೆ. ಅದನ್ನು ತಂದು ವಿಶ್ವಕೋಶಕ್ಕೆ ಹಾಕಿದ್ದರಲ್ಲಿ ತೊಂದರೆ. ಇನ್ನೊಂದು ತೊಂದರೆಯೂ ಇತ್ತು. ಬಾಲ್ಯ ಮತ್ತು ಗುರುಗಳ ಬಗೆಗಿನ ಎರಡು ಪ್ಯಾರಾ ಗ್ರಂಥದ ಲೇಖನವೊಂದರಿಂದ ಇದ್ದ ಹಾಗೇ ಎತ್ತಿದ್ದು. ಉಲ್ಲೇಖ ಕೊಟ್ಟರೂ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ. ಹಾಗಾಗಿ ಅವನ್ನು ತಿದ್ದದೆ, ಅಳಿಸಿ ಹೊಸದಾಗಿ ಬರೆಯಲು ಹೇಳಿದೆ.

“ಸರ್, ಹೀಗೆ ಎಲ್ಲ ತೆಗೆದ್ರೆ ಉಳಿಯೋದು ಎಂತ?” ಅಂದ ಹುಡುಗ. ಕೇಳುವಂಥ ಪ್ರಶ್ನೆಯೇ.

ಗ್ರಂಥವನ್ನು ಪೂರ್ತಿ ಆಚೆ ಇಡಬೇಕು ಅನ್ನುವ ಸಂಪಾದಕರಿದ್ದಾರೆ. ನಾನು ಒಪ್ಪುವುದಿಲ್ಲ. ಯಕ್ಷಗಾನದಲ್ಲಿ, ಅದರಲ್ಲೂ ಹಿಮ್ಮೇಳದವರ ಬಗ್ಗೆ, ಅಚ್ಚಾದ ಬರಹ ಹೆಚ್ಚಾಗಿ ಸಿಗುವುದೇ ಅಭಿನಂದನಾ ಗ್ರಂಥ ಮತ್ತು ಸ್ಮರಣ ಸಂಚಿಕೆಗಳಲ್ಲಿ. ಮುಮ್ಮೇಳದ ದೊಡ್ಡ ಹೆಸರುಗಳ ಕತೆ ಬೇರೆ. 2012ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂತು ಅನ್ನುವುದಕ್ಕೆ ಸರ್ಕಾರದ ಪಟ್ಟಿಯೇ ಇದೆ. ತಿರುಗಾಟದುದ್ದಕ್ಕೂ ಹಿಂದೆ ಕೂತು ಮದ್ದಳೆ ಬಾರಿಸಿದವರಿಗೆ ಆ ಅನುಕೂಲ ಇಲ್ಲ. ಹಾಗಾಗಿ ಗ್ರಂಥವನ್ನು ಒಂದೇ ಮೂಲ ಅಂತ ನೋಡದೆ, ಒಳಗಿನ ಒಂದೊಂದು ಲೇಖನವನ್ನೂ ಬೇರೆ ಬೇರೆ ತೂಗಿದೆವು.

ನುಡಿನಮನಗಳು, ಶುಭಾಶಯಗಳು, ಮನೆಯವರ ನೆನಪುಗಳು ಒಂದು ಕಡೆ. ಇವುಗಳಿಂದ ಮೆಚ್ಚುಗೆಯ ಮಾತು ತೆಗೆದುಕೊಳ್ಳುವಂತಿಲ್ಲ. ಹುಟ್ಟಿದ ಊರು, ಗುರುಗಳ ಹೆಸರು, ಯಾವ ಮೇಳದಲ್ಲಿದ್ದರು ಅನ್ನುವಂಥ, ಯಾರೂ ಜಗಳ ಆಡದ ಸಂಗತಿಗಳನ್ನು ತೆಗೆದುಕೊಳ್ಳಬಹುದು. “ಮೊದಲಿಗರು”, “ಏಕೈಕ” ಅನ್ನುವಂಥವನ್ನು ಖಂಡಿತ ಇಲ್ಲ.

ಗ್ರಂಥದ ಹಿಂಭಾಗದಲ್ಲಿ, ಜಾಹೀರಾತುಗಳಿಗೆ ಸ್ವಲ್ಪ ಮುಂಚೆ, ಇನ್ನೊಂದು ಬಗೆಯ ಲೇಖನ ಸಿಕ್ಕಿತು. ಯಕ್ಷಗಾನದ ಬಗ್ಗೆ ಸಂಶೋಧನೆ ಮಾಡಿ ಪುಸ್ತಕಗಳನ್ನು ಬರೆದಿರುವ ಒಬ್ಬರು ಬರೆದದ್ದು. ಅವರಿಗೆ ಈ ಮನೆಯ ಸಂಬಂಧವಾಗಲಿ ಸಮಿತಿಯ ನಂಟಾಗಲಿ ಇರಲಿಲ್ಲ. ಬಡಗುತಿಟ್ಟಿನ ಮದ್ದಳೆ ನುಡಿಸುವ ಎರಡು ಪದ್ಧತಿಗಳನ್ನು ಹೋಲಿಸಿ, ನಡುವೆ ಇವರ ಬಿಡ್ತಿಗೆಗಳ, ಅಂದರೆ ಹಾಡಿನ ನಡುವೆ ಮದ್ದಳೆಯಲ್ಲಿ ನುಡಿಸುವ ಗತ್ತುಗಳ ಬಗ್ಗೆ ಎರಡು ಪುಟ ಬರೆದಿದ್ದರು. ಭಾಗವತರ ಪದದ ಕೊನೆಯ ಅಕ್ಷರಕ್ಕೆ ಕಾದು ಬಿಡ್ತಿಗೆ ಎತ್ತಿಕೊಳ್ಳುವ ಕ್ರಮವನ್ನು ಮೆಚ್ಚಿ ವಿವರಿಸಿದ್ದರು. ಅದೇ ಪ್ಯಾರಾದಲ್ಲಿ, ಡೇರೆ ಮೇಳಗಳ ವರ್ಷಗಳಲ್ಲಿ ಇವರ ನುಡಿಸಾಣಿಕೆ ವೇಗವಾಗಿ, ಕೆಲವೊಮ್ಮೆ ಪದದ ಸಾಹಿತ್ಯ ಕೇಳದಂತೆ ಆಗುತ್ತಿತ್ತು ಅಂತಲೂ ಬರೆದಿದ್ದರು.

ಹುಡುಗನ ಕರಡಿನಲ್ಲಿ ಈ ಲೇಖನಕ್ಕೆ ಉಲ್ಲೇಖ ಇತ್ತು. ಮೆಚ್ಚುಗೆಯ ಅರ್ಧ ಬಂದಿತ್ತು, ಉಳಿದರ್ಧ ಬಂದಿರಲಿಲ್ಲ. ವಾಕ್ಯದಲ್ಲಿ ಒಂದು ವಿಶೇಷಣವೂ ಇಲ್ಲದೆ ಲೇಖನ ಪ್ರಚಾರ ಆಗುವುದು ಹೀಗೆ. ಉಲ್ಲೇಖಗಳನ್ನು ತೆರೆದು ಓದದ ಪರಿಶೀಲಕನಿಗೆ ಇದು ಎಂದೂ ಸಿಗುವುದಿಲ್ಲ.

ಏನೇನು ಉಳಿಸಿದೆವು

ಆ ಟೀಕೆಯನ್ನು ಸೇರಿಸಬೇಕು ಅಂದಾಗ ಹುಡುಗನಿಗೆ ಬೇಜಾರಾಯಿತು. ಮಾವ ಓದಿದರೆ ಏನಂದುಕೊಳ್ತಾರೆ ಅಂತ. ಬದುಕಿರುವವರ ಬಗ್ಗೆ ಬರೆಯುವಾಗ ಈ ಎಚ್ಚರ ಬೇಕೇ ಬೇಕು. ಮೂಲ ಗಟ್ಟಿ ಇಲ್ಲದ ಆಕ್ಷೇಪ ಒಂದು ಕ್ಷಣವೂ ಪುಟದಲ್ಲಿ ಇರಬಾರದು. ಇಲ್ಲಿ ಮೂಲ ಗಟ್ಟಿ ಇತ್ತು, ಮಾತು ಕಲೆಯ ಬಗ್ಗೆ ಇತ್ತು, ವ್ಯಕ್ತಿಯ ಬಗ್ಗೆ ಅಲ್ಲ. ಆದರೆ ಹೇಳಿದವರು ಒಬ್ಬರೇ. ಹಾಗಾಗಿ “ಟೀಕೆಗಳು” ಅಂತ ಬೇರೆ ವಿಭಾಗ ಮಾಡಲಿಲ್ಲ. ಶೈಲಿಯ ವಿಭಾಗದಲ್ಲೇ, ಬರೆದವರ ಹೆಸರು ಹೇಳಿ, ಮೆಚ್ಚುಗೆಗೆ ಎರಡು ವಾಕ್ಯ, ಆಕ್ಷೇಪಕ್ಕೆ ಒಂದು ವಾಕ್ಯ. ಮೂಲದಲ್ಲಿ ಇದ್ದ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. “ಮಾಂತ್ರಿಕ” ಪೂರ್ತಿ ಹೋಯಿತು. ಬಿಡ್ತಿಗೆ ಹೇಗೆ ಎತ್ತಿಕೊಳ್ಳುತ್ತಿದ್ದರು ಅನ್ನುವ ವಿವರ ಅದರ ಜಾಗಕ್ಕೆ ಬಂತು. ಅವರ ಮದ್ದಳೆ ಎಂದೂ ಕೇಳದವರಿಗೂ ಅದರಿಂದ ಏನೋ ತಿಳಿಯುತ್ತದೆ, ಅಲ್ವಾ?

ಉಲ್ಲೇಖ ಬರೆಯುವ ರೀತಿಯೂ ಬದಲಾಯಿತು. ಮೊದಲು ಐದು ಕಡೆ ಹೀಗಿತ್ತು:

```
<ref>ಅಭಿನಂದನಾ ಗ್ರಂಥ, 2014</ref>
```

ಇದರಲ್ಲಿ ಒಳಗಿನ ಲೇಖನ ಯಾವುದು, ಬರೆದವರು ಯಾರು ಏನೂ ಗೊತ್ತಾಗುವುದಿಲ್ಲ. ಈಗ ಹೀಗೆ:

```
<ref>ಲೇಖಕರ ಹೆಸರು, "ಲೇಖನದ ಶೀರ್ಷಿಕೆ", ಗ್ರಂಥದ ಹೆಸರು,
ಸಂಪಾದಕರು, ಪ್ರಕಾಶಕರು, 2014, ಪುಟ 211-212</ref>
```

ಲೇಖಕರ ಹೆಸರು ಬಂದ ಕೂಡಲೇ ಅದು ಶಿಷ್ಯರ ಮಾತಾ, ಸಂಶೋಧಕರ ಮಾತಾ ಅಂತ ಮುಂದಿನ ಪರಿಶೀಲಕನಿಗೆ ತಾನಾಗೇ ಕಾಣುತ್ತದೆ.

ಇಸವಿಯದ್ದೊಂದು ತಕರಾರು ಇತ್ತು. ಸಮಾರಂಭ “50 ವರ್ಷಗಳ ಕಲಾಸೇವೆ”ಗೆ ಅಂತ ನಡೆದದ್ದು, ಗ್ರಂಥವೂ ಆರಂಭ 1964 ಅನ್ನುತ್ತದೆ. ಹಿಮ್ಮೇಳದ ಪುಸ್ತಕದಲ್ಲಿ ಅವರ ಹೆಸರು ಮೊದಲು ಬರುವುದು 1971ರ ತಿರುಗಾಟದ ಹಿಮ್ಮೇಳದಲ್ಲಿ. ನಡುವಿನ ಏಳು ವರ್ಷ? ಊರಿನ ತಾಳಮದ್ದಳೆ, ಹರಕೆ ಆಟಗಳಲ್ಲಿ ನುಡಿಸುತ್ತಿದ್ದರೇನೋ. “ಮಾವ ಒಳಗೇ ಇದ್ದಾರೆ, ಎದ್ದ ಮೇಲೆ ಕೇಳಿಬಿಡ್ತೇನೆ” ಅಂದ ಹುಡುಗ. ಕೇಳಬಹುದು, ಉತ್ತರವೂ ಸಿಗಬಹುದು. ಅದನ್ನು ಲೇಖನಕ್ಕೆ ಹಾಕುವಂತಿಲ್ಲ. ಬೇರೆ ಓದುಗ ಹೋಗಿ ನೋಡಬಹುದಾದ ಕಡೆ ಪ್ರಕಟವಾಗದ ಮಾತು ವಿಕಿಪೀಡಿಯದಲ್ಲಿ ಮೂಲ ಆಗುವುದಿಲ್ಲ, ಹೇಳಿದವರು ಸ್ವತಃ ಕಲಾವಿದರೇ ಆದರೂ. ಹೊರಗಿನ ಒಬ್ಬರು ಸಂದರ್ಶನ ಮಾಡಿ ಪತ್ರಿಕೆಯಲ್ಲಿ ಪ್ರಕಟಿಸಿದರೆ ಆಗ ಅದೇ ಮಾತನ್ನು “ತಾವು ಹೇಳಿಕೊಂಡಂತೆ” ಅಂತ ಬಳಸಬಹುದು. ಸದ್ಯಕ್ಕೆ ಎರಡೂ ವಾಕ್ಯಗಳನ್ನು ಅದರದರ ಮೂಲದ ಜೊತೆ ಇಟ್ಟೆವು: ಗ್ರಂಥದ ಪ್ರಕಾರ 1964ರಲ್ಲಿ ಆರಂಭ, 1971ರ ತಿರುಗಾಟದಲ್ಲಿ ಇಂಥ ಮೇಳದ ಮದ್ದಳೆಗಾರ. ನಡುವೆ ಏನಾಯಿತು ಅಂತ ನಾವು ಊಹೆ ಮಾಡಿ ಸೇರಿಸಲಿಲ್ಲ.

ಜಾಸ್ತಿ ಎಳೆದಾಡಿದ್ದು ಪ್ರಶಸ್ತಿ ಪಟ್ಟಿಯ ಮೇಲೆ. 31 ಸನ್ಮಾನಗಳಿದ್ದವು. ಯುವಕ ಮಂಡಲ, ಸೇವಾ ಸಹಕಾರಿ ಸಂಘ, ದೇವಸ್ಥಾನ ಸಮಿತಿ, ಎಲ್ಲರೂ ಶಾಲು ಹೊದೆಸಿದ್ದರು. ಅವು ಸುಳ್ಳಲ್ಲ, ಹೆಚ್ಚಿನವಕ್ಕೆ ಫೋಟೊಗಳೂ ಇದ್ದವು. “ಕೊಟ್ಟವರಿಗೆ ಬೇಜಾರಾಗಲ್ವಾ ಸರ್?” ಅಂತ ಹುಡುಗ. ಆಗಬಹುದು. ಆದರೆ ನಡೆದದ್ದೆಲ್ಲ ಲೇಖನಕ್ಕೆ ಬರಬೇಕಾಗಿಲ್ಲ. ನಾವು ಹಾಕಿಕೊಂಡ ಗೆರೆ: ಕೊಟ್ಟವರು ಮತ್ತು ಪಡೆದವರನ್ನು ಬಿಟ್ಟು ಮೂರನೆಯವರು ಯಾರಾದರೂ ಅದನ್ನು ದಾಖಲಿಸಿದ್ದಾರಾ? ಅಥವಾ ಕೊಟ್ಟದ್ದು ರಾಜ್ಯಮಟ್ಟದ ಸರ್ಕಾರಿ ಸಂಸ್ಥೆಯಾ? ಈ ಗೆರೆ ದಾಟಿದ್ದು ಮೂರು. ಅದರಲ್ಲಿ ಒಂದು ರಾಜ್ಯದ ಅಕಾಡೆಮಿಯೊಂದರ ವಾರ್ಷಿಕ ಪ್ರಶಸ್ತಿ. ಕರಡಿನಲ್ಲಿ ಅದು ಪಟ್ಟಿಯ 22ನೇ ಸಾಲಲ್ಲಿತ್ತು. ಉದ್ದದ ಪಟ್ಟಿಯಲ್ಲಿ ದೊಡ್ಡದು ಹೀಗೇ ಮುಚ್ಚಿಹೋಗುವುದು. ಈಗ ಅದು ಲೇಖನದ ಎರಡನೇ ವಾಕ್ಯದಲ್ಲಿದೆ.

ಇಷ್ಟಾದ ಮೇಲೂ ಮುಖ್ಯ ಪ್ರಶ್ನೆ ಉಳಿದಿತ್ತು: ಇವರ ಬಗ್ಗೆ ಪ್ರತ್ಯೇಕ ಲೇಖನ ಇರಲು ಮೂಲಗಳು ಸಾಕಾ? 19ರಲ್ಲಿ ಸ್ವತಂತ್ರವಾಗಿಯೂ ಸ್ವಲ್ಪ ವಿವರವಾಗಿಯೂ ಇದ್ದವು ಎರಡೇ. ಪುಸ್ತಕದ ಎರಡು ಪ್ಯಾರಾ, ಸಂಶೋಧಕರ ಎರಡು ಪುಟ. ಜೊತೆಗೆ ಅಕಾಡೆಮಿ ಪ್ರಶಸ್ತಿ. ನನ್ನ ಲೆಕ್ಕದಲ್ಲಿ ಇದು ಗಡಿಯ ಈಚೆಗೆ ಬರುತ್ತದೆ, ಆದರೆ ಸ್ವಲ್ಪವೇ. ಮೊದಲಿನ ಸಂಪಾದಕರಿಗೆ ಅನುಮಾನ ಇತ್ತು. ಯಾವ ಉಲ್ಲೇಖ ಯಾಕೆ ಉಳಿಯಿತು, ಯಾವುದು ಯಾಕೆ ಹೋಯಿತು ಅಂತ ಚರ್ಚೆಪುಟದಲ್ಲಿ ಬರೆದ ಮೇಲೆ ಅವರು ಒಪ್ಪಿದರು. ಆ ಪ್ರಶಸ್ತಿ ಇಲ್ಲದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಲೇಖನ ಸುಮಾರು 330 ಪದಗಳಲ್ಲಿ ಸ್ಥಳಾಂತರವಾಯಿತು, ಏಳು ಉಲ್ಲೇಖಗಳೊಂದಿಗೆ.

ಆಮೇಲೆ ಯಾರೋ ಲಾಗಿನ್ ಆಗದೆ ಬಂದು “ಮದ್ದಳೆಯ ಮಾಂತ್ರಿಕ” ಅಂತ ಮತ್ತೆ ಸೇರಿಸಿದ್ದರು. ಚರ್ಚೆಪುಟದ ಟಿಪ್ಪಣಿ ಇದ್ದುದರಿಂದ ಅದನ್ನು ತೆಗೆಯಲು ಹೊಸದಾಗಿ ವಾದ ಮಾಡಬೇಕಾಗಲಿಲ್ಲ.

ಒಂದು ವಿಷಯ ಇನ್ನೂ ಬಾಕಿ ಇದೆ. ಜಿಲ್ಲೆಯ ಹಿಮ್ಮೇಳದವರಲ್ಲಿ ವಿದೇಶಕ್ಕೆ ಹೋದ ಮೊದಲಿಗರು ಇವರೇ ಅಂತ ಕರಡಿನಲ್ಲಿತ್ತು. 1934ರಲ್ಲಿ ಶುರುವಾಗಿ ಮುಂದೆ ವಿದೇಶಗಳಲ್ಲೂ ಆಟ ಆಡಿದ ಕೆರೆಮನೆಯ ಇಡಗುಂಜಿ ಮೇಳ ಇರುವ ಜಿಲ್ಲೆ ಇದು. ಇಲ್ಲಿ “ಮೊದಲಿಗರು” ಅನ್ನಲು ಗ್ರಂಥದ ಒಂದು ಸಾಲು ಎಲ್ಲಿ ಸಾಲುತ್ತದೆ? ಆ ಮಾತು ತೆಗೆದೆವು, ಪ್ರವಾಸವನ್ನೂ ಸದ್ಯಕ್ಕೆ ಹೊರಗಿಟ್ಟೆವು. ಹುಡುಗ ಬಿಟ್ಟಿಲ್ಲ. ಮನೆಯ ಟ್ರಂಕಿನಲ್ಲಿ ಆ ಪ್ರವಾಸದ ಬಗ್ಗೆ ಪತ್ರಿಕೆಯ ಒಂದು ಕತ್ತರಿಕೆ ಸಿಕ್ಕಿದೆ, ಸ್ಕ್ಯಾನ್ ಮಾಡಿ ಕಳಿಸಿದ್ದಾನೆ. ಅಂಚು ಕತ್ತರಿಸುವಾಗ ಪತ್ರಿಕೆಯ ಹೆಸರೂ ತಾರೀಕೂ ಹೋಗಿದೆ. ಹಿಂಬದಿಯಲ್ಲಿ ಅಡಿಕೆ ಧಾರಣೆಯ ಒಂದು ತುಣುಕು ಉಳಿದಿದೆ. ಆ ಧಾರಣೆ ಹಿಡಿದು ತಿಂಗಳು ಪತ್ತೆ ಮಾಡಿ, ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಆ ಸಂಚಿಕೆ ಹುಡುಕುತ್ತಿದ್ದಾನೆ. ಸಿಕ್ಕಿದರೆ ಪ್ರವಾಸದ ಇಸವಿ ಸೇರುತ್ತದೆ. “ಮೊದಲಿಗರು” ಆಗಲೂ ಸೇರುವುದಿಲ್ಲ, ಅದನ್ನು ಅವನಿಗೆ ಈಗಲೇ ಹೇಳಿಟ್ಟಿದ್ದೇನೆ.